ಕೊಡ್ಲಾ, ಕೊಟ್ಟಿದೀನಿ

ರಾತ್ರಿ 11.40ಕ್ಕೆ ಬಂದ ಮೆಸೇಜು ಇದು:

"ಲೇ, ರೆಫರೆನ್ಸ್‌ಗೆ ನಿನ್ ನಂಬರ್ ಕೊಟ್ಟಿದೀನಿ ಕಣೇ. ಓಕೆ ತಾನೆ? ಫೋನ್ ಬಂದ್ರೆ ಸ್ವಲ್ಪ ಚೆನ್ನಾಗ್ ಹೇಳು."

ಕೊನೆಗೆ ಕೈಮುಗಿದ ಇಮೋಜಿ ಎರಡು. ನಾನು ಹಲ್ಲುಜ್ಜುತ್ತಾ ಒಂದು ಹೆಬ್ಬೆರಳು ಒತ್ತಿ ಮಲಗಿದೆ. ನಾಲ್ಕು ದಿನ ಆದ್ಮೇಲೆ ಈ ಮೂರು ಸಾಲಿನಿಂದ ನನ್ನ ಗೆಳತಿಯ ಹೊಸ ಕೆಲಸ, ಹಳೇ ಕೆಲಸ, ನಮ್ಮಿಬ್ಬರ ಮಾತುಕತೆ ಮೂರೂ ಒಟ್ಟಿಗೆ ಅಲ್ಲಾಡಿಹೋದವು. ಅವತ್ತಿಂದ ನನಗೊಂದು ಚಟ ಹಿಡಿದಿದೆ. ಇಂಥ ಮೆಸೇಜು ಬಂದಾಗೆಲ್ಲ ಕಥೆ ಓದುವವರ ಹಾಗೆ ನಿಧಾನಕ್ಕೆ ಓದ್ತೀನಿ. ಯಾವ ಪದ ಎಲ್ಲಿದೆ, ಏನು ಬಿಟ್ಟಿದ್ದಾರೆ ಅಂತ ನೋಡ್ತೀನಿ. ಸಿನಿಮಾಗೆ ವಿಮರ್ಶೆ ಇದೆ, ಬೀದಿ ಕೊನೆಯ ದರ್ಶಿನಿಯ ದೋಸೆಗೂ ಸ್ಟಾರ್ ಇದೆ. ವರ್ಷಕ್ಕೆ ಐದಾರು ಸಲ ನಮ್ಮೆಲ್ಲರಿಗೂ ಬರೋ, ನಾವೂ ಕಳಿಸೋ ಈ ಪುಟ್ಟ ಬರವಣಿಗೆಯನ್ನು ಮಾತ್ರ ಯಾರೂ ಓದಿ ನೋಡಲ್ಲ. ಹಾಗಾಗಿ ನನಗೆ ಬಂದ ಮೂರು ಮೆಸೇಜುಗಳನ್ನು ಇಲ್ಲಿ ಓದ್ತೀನಿ. ಗುರುತು ಸಿಗದ ಹಾಗೆ ಹೆಸರು ತೆಗೆದಿದ್ದೀನಿ.

ಮೊದಲನೆಯದ್ದು ಮೇಲೆ ಇದೆಯಲ್ಲ, ಅದೇ. ಅದರ ವ್ಯಾಕರಣ ನೋಡಿ. "ಕೊಟ್ಟಿದೀನಿ." ಕೆಲಸ ಮುಗಿದಿದೆ. ಫಾರಂ ತುಂಬಿ ಸಬ್ಮಿಟ್ ಒತ್ತಿ ಆಗಿದೆ. ಆಮೇಲೆ ಬರೋ "ಓಕೆ ತಾನೆ?" ಪ್ರಶ್ನೆಯ ವೇಷ ಹಾಕಿಕೊಂಡಿದೆ ಅಷ್ಟೇ. ಕನ್ನಡದ ಈ "ತಾನೆ" ಭಾರೀ ಕಿಲಾಡಿ. "ಊಟ ಆಯ್ತಾ?" ಅಂದ್ರೆ ಆಗಿದೆಯೋ ಇಲ್ಲವೋ ಕೇಳೋರಿಗೆ ಗೊತ್ತಿಲ್ಲ. "ಊಟ ಆಯ್ತು ತಾನೆ?" ಅಂದ್ರೆ ಆಗಿದೆ ಅಂತ ಅವರೇ ತೀರ್ಮಾನ ಮಾಡಿದ್ದಾರೆ, ನಾವು ತಲೆ ಅಲ್ಲಾಡಿಸಿದರೆ ಸಾಕು. ಅಂದರೆ ಈ ಮೆಸೇಜಿನಲ್ಲಿ ನಾನು "ಬೇಡ" ಅನ್ನೋಕೆ ಜಾಗವೇ ಇಲ್ಲ. ಅಂದರೂ ಏನೂ ಪ್ರಯೋಜನ ಇಲ್ಲ, ನಂಬರು ಆಗಲೇ ಹೋಗಿದೆ.

ಎಲ್ಲಿಗೆ ಹೋಗಿದೆ? ಅದನ್ನು ಮೆಸೇಜು ಹೇಳಲ್ಲ. ಕೆಲಸ ಬದಲಿಸಿದವರಿಗೆಲ್ಲ ಈ ದಾರಿ ಗೊತ್ತು. ಆಫರ್ ಆದ ಆಸುಪಾಸಿನಲ್ಲಿ ಹೊಸ ಕಂಪನಿ ಒಂದು ಫಾರಂ ಕಳಿಸುತ್ತೆ. ಅದರಲ್ಲಿ ಹಳೇ ವಿಳಾಸ, ಮಾರ್ಕ್ಸ್‌ಕಾರ್ಡು, ರಿಲೀವಿಂಗ್ ಲೆಟರಿನ ಜೊತೆಗೆ ಸಾಮಾನ್ಯವಾಗಿ ಎರಡು ರೆಫರೆನ್ಸು ಕೇಳ್ತಾರೆ. ಹೆಸರು, ಹುದ್ದೆ, ನಿಮಗೂ ಅವರಿಗೂ ಏನು ಸಂಬಂಧ, ಎಷ್ಟು ಕಾಲ ಜೊತೆಗೆ ಕೆಲಸ ಮಾಡಿದ್ರಿ, ಮೊಬೈಲ್ ನಂಬರು, ಆಫೀಸಿನ ಇಮೇಲು. ಎಷ್ಟೋ ಕಡೆ ಜಿಮೇಲ್ ವಿಳಾಸ ಒಪ್ಪಲ್ಲ. ಇದನ್ನು ಬಹಳ ಸಲ ಕಂಪನಿಯವರು ತಾವೇ ಪರಿಶೀಲಿಸದೆ ವೆರಿಫಿಕೇಶನ್ ಏಜೆನ್ಸಿಗೆ ಕೊಡ್ತಾರೆ. ಏಜೆನ್ಸಿಯ ಹುಡುಗನೋ ಹುಡುಗಿಯೋ ಒಂದು ಪಟ್ಟಿ ಮುಂದಿಟ್ಟುಕೊಂಡು ನಮಗೆ ಫೋನ್ ಮಾಡ್ತಾರೆ. ನಾವು ಹೇಳಿದ್ದನ್ನು ಫಾರಮ್ಮಿನಲ್ಲಿ ಬರೆದಿದ್ದಕ್ಕೆ ಹೋಲಿಸಿ ನೋಡ್ತಾರೆ. ನಾವು ಎಷ್ಟು ಹೊಗಳಿದೆವು ಅನ್ನೋದಕ್ಕಿಂತ ಎರಡೂ ಒಂದೇ ಥರ ಇದೆಯಾ ಅನ್ನೋದು ಮುಖ್ಯ.

ನನ್ನ ಗೆಳತಿ ಫಾರಮ್ಮಿನಲ್ಲಿ ಏನು ಬರೆದಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ಬುಧವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತಿದ್ದೆ. ಎದುರಿಗೆ ನಮ್ಮಿಬ್ಬರ ಮ್ಯಾನೇಜರು ಚಪಾತಿ ಮುರೀತಿದ್ದರು. ಗೊತ್ತಿಲ್ಲದ ಲ್ಯಾಂಡ್‌ಲೈನ್ ನಂಬರು, ಎರಡು ಸಲ ಕಟ್ ಮಾಡಿದೆ, ಮೂರನೇ ಸಲ ಎತ್ತಿದೆ. ಆ ಕಡೆಯವರು ಗೆಳತಿಯ ಹೆಸರು ಹೇಳಿದ್ರು. ಗಲಾಟೆಯಲ್ಲಿ ಸರಿಯಾಗಿ ಕೇಳಿಸದೆ ನಾನು ಅದೇ ಹೆಸರನ್ನು ಜೋರಾಗಿ ವಾಪಸ್ ಹೇಳಿ, "ಯಾವ ವೆರಿಫಿಕೇಶನ್?" ಅಂದೆ. ಚಪಾತಿ ಮುರೀತಿದ್ದ ಕೈ ನಿಂತುಬಿಡ್ತು.

ಗೆಳತಿ ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಕೊಡದೆ ಇದ್ದದ್ದು ಜಾಣತನವೇ. ನಮ್ಮಲ್ಲಿ ನೋಟಿಸ್ ಪೀರಿಯಡ್ 90 ದಿನ. ವೆರಿಫಿಕೇಶನ್ ಮುಗಿದು ಎಲ್ಲ ಪಕ್ಕಾ ಆದ್ಮೇಲೆ ಪೇಪರ್ ಹಾಕೋಣ ಅಂತ ಕಾಯ್ತಿದ್ದಳು. ಈ ಒಂದು ಸಂಗತಿ, "ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ" ಅನ್ನೋ ಸಂಗತಿ, ಮೆಸೇಜಿನಲ್ಲಿ ಇರಲಿಲ್ಲ. ಇದ್ದಿದ್ದರೆ ನಾನು ಎದ್ದು ಹೊರಗೆ ಹೋಗಿ ಮಾತಾಡ್ತಿದ್ದೆ.

ಕಾರಿಡಾರಿಗೆ ಬಂದೆ. ಎರಡನೇ ಪ್ರಶ್ನೆ: "ಅವರಿಗೂ ನಿಮಗೂ ಏನು ಸಂಬಂಧ?" ಒಂದೇ ಟೀಮು, ನಾನು ಸ್ವಲ್ಪ ಸೀನಿಯರ್, ಅಂದೆ. ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. "ಮೇಡಂ, ಇಲ್ಲಿ ರಿಪೋರ್ಟಿಂಗ್ ಮ್ಯಾನೇಜರ್ ಅಂತ ಇದೆ."

ಆ ಕ್ಷಣದಲ್ಲಿ ನನಗಿದ್ದ ದಾರಿ ಎರಡು. ಸುಳ್ಳು ಹೇಳಬೇಕು, ಇಲ್ಲಾ ಗೆಳತಿಯನ್ನು ಸುಳ್ಳಿ ಮಾಡಬೇಕು. ನಾನು ತೊದಲಿದೆ. ತೊದಲಿದ್ದೇ ಉತ್ತರ ಆಯ್ತು. ರಿಪೋರ್ಟಿನಲ್ಲಿ ಅವಳ ಹೆಸರಿನ ಮುಂದೆ ಹಸಿರು ಬರಬೇಕಿದ್ದ ಕಡೆ ಹಳದಿ ಬಂತು. ಹೊಸ ಕಂಪನಿ ವಿವರಣೆ ಕೇಳಿತು, ಅವಳು ಬರೆದುಕೊಟ್ಟಳು, ಮತ್ತೊಂದು ರೆಫರೆನ್ಸು ಕೊಟ್ಟಳು, ಸೇರೋ ದಿನ ಮೂರು ವಾರ ಮುಂದೆ ಹೋಯ್ತು. ಇತ್ತ ನಮ್ಮ ಮ್ಯಾನೇಜರು ಮಾರನೇ ದಿನವೇ ಅವಳನ್ನು ಕ್ಲೈಂಟ್ ಕಾಲ್‌ಗಳಿಂದ ತೆಗೆದರು. ಅವಳು ನನ್ನ ಜೊತೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. "ಒಂದು ಫೋನ್ ನೆಟ್ಟಗೆ ಎತ್ತೋಕಾಗಲ್ವಾ ನಿಂಗೆ?" ಅಂದಳು. ನನಗೂ ಸಿಟ್ಟಿತ್ತು.

ಆಮೇಲೆ ಶಾಂತವಾಗಿ ಯೋಚಿಸಿದಾಗ ಅವಳ ಕಷ್ಟವೂ ಅರ್ಥ ಆಯ್ತು. ಫಾರಂ ಅವಳಿಗೆ "ಒಬ್ಬರಾದರೂ ನಿಮ್ಮ ಮೇಲಧಿಕಾರಿ ಆಗಿರಬೇಕು" ಅಂತ ಕೇಳಿತ್ತು. ಈಗಿನ ಮೇಲಧಿಕಾರಿಗೆ ವಿಷಯ ಗೊತ್ತಾಗಬಾರದು. ಇದು ಬಹಳ ಜನ ಬೀಳೋ ಹಳ್ಳ. ಅದರಿಂದ ಹೊರಗೆ ಬರೋಕೆ ಸ್ನೇಹಿತೆಗೆ ಮ್ಯಾನೇಜರ್ ಪಟ್ಟ ಕಟ್ಟೋದು ಸುಲಭದ ದಾರಿ ಅನಿಸುತ್ತೆ. ಆದರೆ ಲಿಂಕ್ಡ್‌ಇನ್ನಿನಲ್ಲಿ ನನ್ನ ಹುದ್ದೆ ಏನು ಅಂತ ಅರ್ಧ ನಿಮಿಷದಲ್ಲಿ ಸಿಗುತ್ತೆ. ಅವಳು ಹಿಂದಿನ ಕಂಪನಿಯ ಮ್ಯಾನೇಜರ ಹೆಸರು ಕೊಡಬಹುದಿತ್ತು. ಇಲ್ಲಾ "ಹಿರಿಯ ಸಹೋದ್ಯೋಗಿ" ಅಂತ ಇದ್ದದ್ದನ್ನೇ ಬರೆದು, ಈಗಿನ ಮ್ಯಾನೇಜರ್ ಹೆಸರು ರಾಜೀನಾಮೆ ಆದ್ಮೇಲೆ ಕೊಡ್ತೀನಿ ಅಂತ ಹೊಸ ಕಂಪನಿಯ ಎಚ್‌ಆರ್‌ಗೆ ಒಂದು ಮೇಲ್ ಹಾಕಬಹುದಿತ್ತು. ಇದು ಅವರು ದಿನಾ ಕೇಳೋ ಮಾತೇ. ಅವಳು ನನ್ನನ್ನು ಮೊದಲೇ ಕೇಳಿದ್ದಿದ್ದರೆ, "ನಿನ್ನ ಮ್ಯಾನೇಜರ್ ಅಂತ ಬರೀಲಾ?" ಅನ್ನೋ ಪ್ರಶ್ನೆಯನ್ನು ಟೈಪ್ ಮಾಡುವಾಗಲೇ ಅವಳ ಬೆರಳು ನಿಲ್ತಿತ್ತು. ಅನುಮತಿ ಕೇಳೋದರಿಂದ ಕೇಳೋರಿಗೂ ಒಂದು ಲಾಭ ಇದೆ, ತಾವು ಬರೆಯೋಕೆ ಹೊರಟದ್ದನ್ನು ಇನ್ನೊಬ್ಬರ ಕಣ್ಣಿನಿಂದ ಒಮ್ಮೆ ಓದಿದ ಹಾಗಾಗುತ್ತೆ.

ಎರಡನೇ ಮೆಸೇಜು ಇದಕ್ಕೆ ಪೂರ್ತಿ ತಿರುಗುಮುರುಗು. ಕಾಲೇಜಿನ ಜೂನಿಯರ್ ಒಬ್ಬ ಕಳಿಸಿದ್ದ. ಪೂರ್ತಿ ಇಂಗ್ಲಿಷಿನಲ್ಲಿತ್ತು, ಎಲ್ಲಿಂದಲೋ ಎತ್ತಿದ ನಮೂನೆ. ಅದರ ಸಾರ ಹೀಗೆ: ನೀವು ಕುಶಲವಾಗಿದ್ದೀರಿ ಎಂದು ಭಾವಿಸುತ್ತೇನೆ, ನನ್ನ ವೃತ್ತಿಜೀವನದ ಮಹತ್ವದ ಘಟ್ಟದಲ್ಲಿದ್ದೇನೆ, ನಿಮ್ಮ ಮಾರ್ಗದರ್ಶನಕ್ಕೆ ಸದಾ ಋಣಿ, ನಿಮಗೆ ತೊಂದರೆಯಾಗದಿದ್ದಲ್ಲಿ ನಿಮ್ಮ ಹೆಸರನ್ನು ಉಲ್ಲೇಖಿಸಲು ಅನುಮತಿ ನೀಡಬೇಕಾಗಿ ಸವಿನಯ ಪ್ರಾರ್ಥನೆ.

ಇಲ್ಲಿ ಕಾಲ ಸರಿ ಇದೆ, ಕೊಡೋಕೆ ಮುಂಚೆ ಕೇಳಿದ್ದಾನೆ. ಆದರೆ ಹನ್ನೆರಡು ಸಾಲಿನಲ್ಲಿ ಒಂದು ಸಂಗತಿಯೂ ಇಲ್ಲ. ಯಾವ ಕಂಪನಿ? ಯಾವ ಕೆಲಸ? ಯಾವಾಗ ಫೋನ್ ಬರುತ್ತೆ? ನನ್ನನ್ನು ಏನು ಅಂತ ಬರೀತಾನೆ? ಗೊತ್ತಿಲ್ಲ. ಇಷ್ಟು ವಿನಯದ ಮುಂದೆ ನಾನು ಈ ಪ್ರಶ್ನೆಗಳನ್ನು ಕೇಳಿದರೆ ಪೊಲೀಸ್ ವಿಚಾರಣೆ ಥರ ಕಾಣುತ್ತೆ. "ಬೇಡಪ್ಪಾ" ಅಂದರಂತೂ ಕೈಮುಗಿದು ನಿಂತವನನ್ನು ಬಾಗಿಲಿಂದ ತಳ್ಳಿದ ಹಾಗೆ. ನಾನು "ಷೂರ್" ಅಂದೆ, ಮರೆತೆ. ಎರಡು ವಾರ ಆದ್ಮೇಲೆ ಮೂರು ದಿನ ಯಾವುದೋ ನಂಬರಿನಿಂದ ಫೋನ್ ಬಂತು, ಪರದೆ ಮೇಲೆ ಕೆಂಪಾಗಿ ಸ್ಪ್ಯಾಮ್ ಅಂತ ತೋರಿಸ್ತಿತ್ತು. ಸಾಲ ಬೇಕಾ ಅಂತ ಕೇಳೋರು ಇರಬೇಕು ಅಂತ ಎತ್ತಲಿಲ್ಲ. ಅವನ ಫೈಲಿನಲ್ಲಿ "ಸಂಪರ್ಕಕ್ಕೆ ಸಿಗಲಿಲ್ಲ" ಅಂತ ಬಿತ್ತು, ಪಾಪ ಬೇರೊಬ್ಬರನ್ನು ಹುಡುಕಿಕೊಂಡ.

ಇಲ್ಲಿ ಒಂದು ಮಾತು. ಸ್ನೇಹಿತರ ಮಧ್ಯೆ ಇಷ್ಟೆಲ್ಲ ಕೇಳೋದು, ಹೇಳೋದು ಯಾಕೆ ಅಂತ ನಿಮಗೆ ಅನಿಸಬಹುದು. ನನ್ನ ಗೆಳತಿಯ ವಾದವೂ ಅದೇ ಆಗಿತ್ತು. "ನಿನ್ನ ಹತ್ರ ಪರ್ಮಿಷನ್ ಕೇಳಿದ್ರೆ ನೀನು ದೂರದೋಳು ಅಂತ ಆಗಲ್ವಾ?" ಅಂದಳು. ಇದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. ನಮ್ಮ ಮನೆಗಳಲ್ಲಿ "ದಯವಿಟ್ಟು ನೀರು ಕೊಡು" ಅಂತ ಯಾರೂ ಹೇಳಲ್ಲ. "ದಯವಿಟ್ಟು" ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕೇಳಿಸೋ ಪದ. ಹತ್ತಿರದವರಿಗೆ ಹಾಗೆ ಹೇಳಿದರೆ ನಿಜವಾಗಿಯೂ ದೂರ ಮಾಡಿದ ಹಾಗಾಗುತ್ತೆ. ಜೂನಿಯರ್ ಹುಡುಗನ ಮೆಸೇಜು ಸೋತಿದ್ದು ಅಲ್ಲೇ.

ಆದರೆ ಕನ್ನಡದಲ್ಲಿ ಮರ್ಯಾದೆ ಇರೋದು "ದಯವಿಟ್ಟು"ವಿನಲ್ಲಿ ಅಲ್ಲ, ಕ್ರಿಯಾಪದದ ಬಾಲದಲ್ಲಿ. "ಕೊಡ್ತೀನಿ", "ಕೊಟ್ಟಿದೀನಿ", "ಕೊಡ್ಲಾ?" ಈ ಮೂರನ್ನು ಒಂದಾದ ಮೇಲೊಂದು ಹೇಳಿ ನೋಡಿ. ಮೊದಲನೆಯದು ತಿಳಿಸುತ್ತೆ, ಎರಡನೆಯದು ಮುಗಿಸುತ್ತೆ, ಮೂರನೆಯದು ಕಾಯುತ್ತೆ. "ಕೊಡ್ಲಾ?" ಅನ್ನೋದರಲ್ಲಿ ಸಲಿಗೆ ಇದೆ. ಅಮ್ಮ "ಇನ್ನೊಂದು ದೋಸೆ ಹಾಕ್ಲಾ?" ಅಂತ ಕೇಳೋದೂ ಇದೇ ರೂಪದಲ್ಲಿ. ಸಾಕು ಅಂದರೆ ಯಾರಿಗೂ ಬೇಜಾರಿಲ್ಲ, ಕಾವಲಿ ಇಳಿಸ್ತಾರೆ. ದೂರ ಮಾಡದೆ ಅನುಮತಿ ಕೇಳೋ ಪದ ನಮ್ಮ ನಾಲಿಗೆ ಮೇಲೆ ಆಗಲೇ ಇದೆ.

ಈಗ ಮೂರನೆಯದು. ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದ, ಈಗ ಬೇರೆ ಕಡೆ ಇರೋ ಹುಡುಗ ಒಬ್ಬ ಮಂಗಳವಾರ ಬೆಳಿಗ್ಗೆ ಕಳಿಸಿದ್ದು:

"ಮೇಡಂ, ಒಂದು ಕಂಪನಿಯಲ್ಲಿ ಟೆಸ್ಟ್ ಲೀಡ್ ಕೆಲಸಕ್ಕೆ ಕೊನೇ ರೌಂಡ್ ಆಯ್ತು. ರೆಫರೆನ್ಸ್ ಇಬ್ಬರದ್ದು ಕೇಳಿದ್ದಾರೆ, ಶುಕ್ರವಾರ ಫಾರಂ ಕೊಡಬೇಕು. ನಿಮ್ಮ ಹೆಸರು, ಮೊಬೈಲ್ ನಂಬರ್ ಕೊಡ್ಲಾ? ನೀವು ನನ್ನ ಟೀಮ್ ಲೀಡ್ ಆಗಿದ್ರಿ, 2 ವರ್ಷ ಜೊತೆಗೆ ಕೆಲಸ ಮಾಡಿದ್ವಿ ಅಂತ ಬರೀತೀನಿ. ಏಜೆನ್ಸಿಯಿಂದ ಮುಂದಿನ ವಾರ ಫೋನ್ ಬರಬಹುದು, ಹತ್ತು ನಿಮಿಷ ಆಗುತ್ತಂತೆ. ಕೆಲಸ ಹೇಗೆ ಮಾಡ್ತಿದ್ದ, ಯಾಕೆ ಬಿಟ್ಟ, ಮತ್ತೆ ಟೀಮಿಗೆ ತಗೋತೀರಾ ಅಂತ ಕೇಳ್ತಾರಂತೆ. ಈಗಿನ ಆಫೀಸಲ್ಲಿ ಇನ್ನೂ ಹೇಳಿಲ್ಲ. ಆಗಲ್ಲ ಅನಿಸಿದ್ರೆ 'ಆಗಲ್ಲ' ಅಂತ ಅಷ್ಟೇ ಹಾಕಿ ಮೇಡಂ, ಕಾರಣ ಬೇಡ. ಇನ್ನೊಬ್ಬರು ಇದ್ದಾರೆ, ಗುರುವಾರ ಸಂಜೆವರೆಗೆ ಕಾಯ್ತೀನಿ."

ವಿಮರ್ಶಕಿಯಾಗಿ ಮೊದಲು ತಪ್ಪು ಹೇಳಿಬಿಡ್ತೀನಿ. ಒಂದೇ ಪ್ಯಾರಾದಲ್ಲಿ ಸುರಿದಿದ್ದಾನೆ, ಎರಡು ತುಂಡು ಮಾಡಬಹುದಿತ್ತು. ಕಂಪನಿಯ ಹೆಸರು ಹೇಳಿಲ್ಲ, ಹೇಳಿದ್ದಿದ್ದರೆ ಫೋನ್ ಬಂದಾಗ ಗುರುತು ಹಿಡಿಯೋಕೆ ಸುಲಭ. ಮಿಕ್ಕಿದ್ದೆಲ್ಲ ಇರಬೇಕಾದ ಜಾಗದಲ್ಲೇ ಇದೆ. "ಕೊಡ್ಲಾ?" ಅಂತ ಕೇಳಿದ್ದಾನೆ, ಫಾರಂ ಕೊಡೋಕೆ ಮೂರು ದಿನ ಮುಂಚೆ. ಏನೇನು ಕೊಡ್ತೀನಿ ಅಂತಲೂ ಹೇಳಿದ್ದಾನೆ, ನಂಬರು ಮಾತ್ರ. ಇದು ಸಣ್ಣ ವಿಷಯ ಅಲ್ಲ. ನನ್ನ ನಂಬರು ಒಂದು ಫಾರಮ್ಮಿಗೆ ಬಿದ್ದರೆ ಅದು ಕಂಪನಿಯ ಎಚ್‌ಆರ್, ಏಜೆನ್ಸಿ, ಅವರ ಸಾಫ್ಟ್‌ವೇರ್ ಇಷ್ಟು ಕಡೆ ಉಳಿಯುತ್ತೆ. ವೈಯಕ್ತಿಕ ಮಾಹಿತಿಗೆ ಒಪ್ಪಿಗೆ ಬೇಕು ಅನ್ನೋ ಕಾನೂನು ನಮ್ಮ ದೇಶದಲ್ಲೂ 2023ರಲ್ಲಿ ಪಾಸಾಗಿದೆ. ನಾನೇ ತುಂಬಿದ ಒಂದು ಫಾರಮ್ಮಿನ ಕೊನೆಯಲ್ಲಿ "ಮೇಲೆ ಹೆಸರಿಸಿದವರ ಒಪ್ಪಿಗೆ ಪಡೆದಿದ್ದೇನೆ" ಅಂತ ಒಂದು ಚೌಕ ಇತ್ತು. ಪಡೆದಿದ್ದೇನೋ ಇಲ್ಲವೋ ಅಂತ ಯೋಚನೆಯೇ ಮಾಡದೆ ಟಿಕ್ ಹಾಕಿದ್ದೆ ಅಂತ ಈಗ ನೆನಪಾಗಿ ನಾಚಿಕೆ ಆಗುತ್ತೆ.

ಆಮೇಲೆ "ಅಂತ ಬರೀತೀನಿ" ಅನ್ನೋ ಸಾಲು. ಇಡೀ ಮೆಸೇಜಿನಲ್ಲಿ ಅತಿ ಹೆಚ್ಚು ಕೆಲಸ ಮಾಡೋ ಸಾಲು ಇದು. ಓದಿದ ಕೂಡಲೇ ನನಗೆ ಗೊತ್ತಾಯ್ತು, 2 ವರ್ಷ ತಪ್ಪು. ಅವನು ಕಂಪನಿಯಲ್ಲಿ ಎರಡು ವರ್ಷ ಇದ್ದ, ನನ್ನ ಟೀಮಿನಲ್ಲಿ ಇದ್ದದ್ದು 14 ತಿಂಗಳು. ಅವನು ಸುಳ್ಳು ಹೇಳಿರಲಿಲ್ಲ, ಎರಡು ಲೆಕ್ಕ ಕಲಸಿಹೋಗಿತ್ತು. ಇದೇ ತಪ್ಪು ಫಾರಮ್ಮಿಗೆ ಹೋಗಿ, ಫೋನಿನಲ್ಲಿ ನಾನು "ಒಂದು ವರ್ಷ ಚಿಲ್ಲರೆ" ಅಂದಿದ್ದರೆ ಮತ್ತೆ ಅದೇ ಹಳದಿ. ಇಲ್ಲಿ ಒಂದು ವಾಟ್ಸಾಪ್ ಉತ್ತರದಲ್ಲಿ ಸರಿ ಹೋಯ್ತು.

ಕೊನೆಯ ಎರಡು ಸಾಲು ಓದಿದಾಗ ಮಾತ್ರ ನಾನು ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಯಾಕಂದರೆ ನನಗೆ "ಆಗಲ್ಲ" ಅನ್ನೋದಿತ್ತು.

ಹುಡುಗ ಒಳ್ಳೆಯವನು. ಟೀಮಿಗೆ ಬರ್ತ್‌ಡೇ ಕೇಕ್ ತರೋನು ಅವನೇ. ಆದರೆ ನನ್ನ ಹತ್ತಿರ ಇದ್ದ ಕೊನೆಯ ಆರು ತಿಂಗಳಲ್ಲಿ ಎರಡು ಸಲ ರಿಲೀಸಿನ ಹಿಂದಿನ ರಾತ್ರಿ, ಟೆಸ್ಟ್ ಮುಗಿಸದೆಯೇ ಮುಗಿದಿದೆ ಅಂತ ಶೀಟಿನಲ್ಲಿ ಗುರುತು ಹಾಕಿದ್ದ. ಆಗ ಅವನ ಮನೆಯಲ್ಲಿ ಕಷ್ಟ ಇತ್ತು, ನನಗೆ ಗೊತ್ತು. ಆದರೂ "ಮತ್ತೆ ಟೀಮಿಗೆ ತಗೋತೀರಾ?" ಅಂತ ಕೇಳಿದರೆ ನಾನು ಒಂದು ಉಸಿರು ತಡೀತೀನಿ. ಆ ಕಡೆ ಕೂತವರು ಬರೆದುಕೊಳ್ಳೋದು ಆ ಒಂದು ಉಸಿರನ್ನೇ. ಅದೂ ಅವನು ಕೇಳಿದ ಕೆಲಸ ಟೆಸ್ಟ್ ಲೀಡ್. ಹೊಗಳಿದರೆ ಆ ಕಡೆಯವರಿಗೆ ಮೋಸ, ಇದ್ದದ್ದು ಹೇಳಿದರೆ ಇವನ ಕೆಲಸ ಹೋಗುತ್ತೆ. ಅರೆಮನಸ್ಸಿನ ರೆಫರೆನ್ಸು ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು.

ಬುಧವಾರ ಮಧ್ಯಾಹ್ನ ಬರೆದೆ: "ಆಗಲ್ಲಪ್ಪ. ಮತ್ತೆ ಇನ್ನೊಂದು, ನನ್ನ ಟೀಮಲ್ಲಿ ನೀನಿದ್ದದ್ದು 14 ತಿಂಗಳು. ಬೇರೆ ಫಾರಮ್ಮಲ್ಲೂ ಹಾಗೇ ಹಾಕು."

ಎರಡು ನೀಲಿ ಗೆರೆ ಬಂದವು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ: "ಸರಿ ಮೇಡಂ. ಥ್ಯಾಂಕ್ಸ್. 14 ತಿಂಗಳು ನೋಟ್ ಮಾಡ್ಕೊಂಡೆ." ಅಷ್ಟೇ. ಯಾಕೆ ಅಂತ ಕೇಳಲಿಲ್ಲ, ಕೇಳಲ್ಲ ಅಂತ ಮೊದಲೇ ಹೇಳಿದ್ದ, ಮಾತು ಉಳಿಸಿಕೊಂಡ. ಅವನಿಗೆ ಆ ಕೆಲಸ ಸಿಕ್ಕಿತೋ ಇಲ್ಲವೋ ನಾನೂ ಕೇಳಲಿಲ್ಲ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಅದು ನನ್ನ ಪಾಡು. ಬಾಗಿಲು ಅಷ್ಟು ಅಗಲ ತೆಗೆದಿಟ್ಟಿದ್ದಕ್ಕೇ ನಾನು ನಿಜ ಹೇಳೋಕಾಯ್ತು. ಮುಚ್ಚಿದ್ದಿದ್ದರೆ ಹೆಬ್ಬೆರಳು ಒತ್ತಿ, ಆಮೇಲೆ ಫೋನಿನಲ್ಲಿ ತೊದಲಿ, ಅವನನ್ನು ಮುಳುಗಿಸ್ತಿದ್ದೆ.

ಹಾಗಾಗಿ ಈ ಪ್ರಕಾರದ ಬರವಣಿಗೆಗೆ ನನ್ನ ಅಳತೆಗೋಲು ಒಂದೇ: ಇದಕ್ಕೆ "ಆಗಲ್ಲ" ಅನ್ನಬಹುದಾ? ಅನ್ನೋಕೆ ಸಮಯ ಇದೆಯಾ, ಅಂದರೆ ಏನಾಗುತ್ತೆ ಅಂತ ಗೊತ್ತಾ, ಯಾವುದಕ್ಕೆ ಅಂತಿದ್ದೀನಿ ಅನ್ನೋದು ಸ್ಪಷ್ಟ ಇದೆಯಾ? ಇದ್ದರೆ ಅದು ಕೇಳಿದ ಮೆಸೇಜು. ಇಲ್ಲದಿದ್ದರೆ ಎಷ್ಟೇ ಕೈಮುಗಿದರೂ, "ಕಣೇ" ಅಂದರೂ ಅದು ಬರೀ ಸುದ್ದಿ.

ಗೆಳತಿಯ ವಿಷಯ ಹೇಳಿ ಮುಗಿಸ್ತೀನಿ. ಅವಳು ಆ ಹೊಸ ಕಂಪನಿ ಸೇರಿ ಮೂರು ವರ್ಷ ಆಯ್ತು, ನಾವು ಮತ್ತೆ ಭಾನುವಾರ ಒಟ್ಟಿಗೆ ಕಾಫಿಗೆ ಹೋಗೋ ಹಾಗಾಗಿದ್ದೀವಿ. ಹೋದ ತಿಂಗಳು ಮತ್ತೆ ಅವಳ ಮೆಸೇಜು ಬಂತು. ಅದೇ ರಾತ್ರಿ 11 ದಾಟಿದ ಹೊತ್ತು, ಅದೇ ಎರಡು ಕೈಮುಗಿದ ಇಮೋಜಿ.

"ಲೇ, ಸೋಮವಾರ ಒಂದು ಫಾರಂ ತುಂಬಬೇಕು. ಕಲೀಗ್ ಅಂತ ನಿನ್ ಹೆಸ್ರು ಬರೀತೀನಿ, ಕಲೀಗ್ ಅಂತಾನೇ. ನಂಬರ್ ಕೊಡ್ಲಾ?"

ಈ ಸಲ ಹೆಬ್ಬೆರಳು ಒತ್ತಲಿಲ್ಲ. "ಕೊಡು. ಊಟದ ಟೈಮಲ್ಲಿ ಬೇಡ ಅಂತ ಹೇಳು" ಅಂತ ಬರೆದೆ.